ಐದನೇ ಸಲ ಮಗು ಓದುತ್ತಿದೆಯೋ, ಒಪ್ಪಿಸುತ್ತಿದೆಯೋ?

(ಪ್ರಾಥಮಿಕ ಶಾಲಾ ಶಿಕ್ಷಕರ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)

ಮೊದಲು ಒಂದು ಪದ್ಯ ಓದುತ್ತೇನೆ. ಎರಡನೇ ತರಗತಿಗೆ ಅಂತ ನಾನೇ ಕಟ್ಟಿದ್ದು. ಸಾಹಿತ್ಯ ಅಂತ ಅಳೆಯಬೇಡಿ. ಇದನ್ನು ನಾವು ಪಾತ್ರೆ ಥರ, ಸೌಟಿನ ಥರ ಬಳಸೋಣ.

ಸಂತೆಗೆ ಹೊರಟಳು ಮುದ್ದಜ್ಜಿ
ಬುಟ್ಟಿಯ ತುಂಬಾ ಬಿಸಿ ಬಜ್ಜಿ
ದಾರಿಯ ನಡುವಲಿ ಮಳೆ ಬಂತು
ಬುಟ್ಟಿಗೆ ಛತ್ರಿಯೆ ಮನೆಯಾಯ್ತು
ತೊಯ್ದಿತು ಅಜ್ಜಿಯ ತಲೆಯೆಲ್ಲ
ಬಜ್ಜಿಗೆ ಹನಿಯೂ ತಗುಲಿಲ್ಲ
ಸಂತೆಯ ಮಕ್ಕಳು ಬಂದಾಯ್ತು
ಕ್ಷಣದಲಿ ಬುಟ್ಟಿಯು ಬರಿದಾಯ್ತು

ಒಟ್ಟು 26 ಪದ. ಇವತ್ತಿನ ನನ್ನ ಮಾತೆಲ್ಲ ಈ ಎಂಟು ಸಾಲಿನ ಸುತ್ತಲೇ ಇರುತ್ತದೆ. ಒಂದು ಮಗು ಇದನ್ನು ಸೋಮವಾರದಿಂದ ಶುಕ್ರವಾರದವರೆಗೆ ಮತ್ತೆ ಮತ್ತೆ ಓದಿದರೆ ಏನಾಗುತ್ತದೆ? ಏನಾಗಲಿ ಅಂತ ನಾವು ಬಯಸುತ್ತೇವೆ? ಆದದ್ದು ಅದೇ ಹೌದೋ ಅಲ್ಲವೋ ಅಂತ ತಿಳಿಯುವುದು ಹೇಗೆ?

ಮತ್ತೆ ಮತ್ತೆ ಓದಿಸುವುದು ನಮಗೇನೂ ಹೊಸದಲ್ಲ ಅಂತ ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ನಮ್ಮ ಕಾಲದಲ್ಲೂ ಪದ್ಯವನ್ನು ಹತ್ತು ಸಲ ಹೇಳಿಸುತ್ತಿದ್ದರು, ಶನಿವಾರ ಒಪ್ಪಿಸಬೇಕಿತ್ತು. ನಿಜ. ಆದರೆ ಆಗ ಗುರಿ ಬೇರೆ ಇತ್ತು. ಪದ್ಯ ಬಾಯಿಗೆ ಬರಬೇಕು ಅನ್ನುವುದು ಆಗಿನ ಗುರಿ. ಈಗ ನಾನು ಹೇಳುವ ಕೆಲಸದಲ್ಲಿ ಪದ್ಯ ಬಾಯಿಗೆ ಬರುವುದು ಒಂದು ತೊಂದರೆ. ಬಂದೇ ಬರುತ್ತದೆ, ತಪ್ಪಿಸಲಾಗದು. ಆದರೆ ಬಂದ ಕೂಡಲೇ ಕಣ್ಣು ಕಾಗದ ಬಿಟ್ಟು ಗೋಡೆ ಮೇಲಿನ ಹಲ್ಲಿಯ ಕಡೆ ಹೋಗುತ್ತದೆ.

ಈ ವಿಧಾನದ ಹಿಂದೆ ಒಂದು ಸರಳ ಯೋಚನೆ ಇದೆ. 1974ರಲ್ಲಿ ಅಮೆರಿಕದ ಲಾಬರ್ಜ್ ಮತ್ತು ಸ್ಯಾಮ್ಯುಯಲ್ಸ್ ಅನ್ನುವ ಇಬ್ಬರು ಅದನ್ನು ಬರೆದರು. ಮನುಷ್ಯನ ಗಮನ ಸೀಮಿತ. ಅಕ್ಷರ ಗುರುತಿಸುವುದಕ್ಕೇ ಅದೆಲ್ಲ ಖರ್ಚಾದರೆ ಅರ್ಥಕ್ಕೆ ಏನೂ ಉಳಿಯುವುದಿಲ್ಲ. ಸೈಕಲ್ ಕಲಿಯುವಾಗ ಹ್ಯಾಂಡಲ್ ಮೇಲೇ ಜೀವ ಇರುತ್ತದಲ್ಲ, ಪಕ್ಕದಲ್ಲಿ ಯಾರು ಮಾತಾಡಿಸಿದರೂ ಕೇಳಿಸುವುದಿಲ್ಲ, ಹಾಗೆ. ಸ್ಯಾಮ್ಯುಯಲ್ಸ್ 1979ರಲ್ಲಿ ಇದಕ್ಕೊಂದು ತರಗತಿ ವಿಧಾನ ಕೊಟ್ಟರು. 50ರಿಂದ 200 ಪದಗಳ ಚಿಕ್ಕ ಭಾಗವನ್ನು ಮಗು ಮತ್ತೆ ಮತ್ತೆ ಓದಬೇಕು. ನಿಮಿಷಕ್ಕೆ 85 ಪದ ಮುಟ್ಟಿದ ಮೇಲೆ ಮುಂದಿನ ಭಾಗಕ್ಕೆ ಹೋಗಬೇಕು. ಪ್ರತಿ ಹೊಸ ಭಾಗವನ್ನು ಮೊದಲ ಸಲ ಓದುವಾಗಲೇ ಮಗುವಿನ ವೇಗ ಹಿಂದಿನ ಭಾಗದ ಮೊದಲ ಓದಿಗಿಂತ ಸ್ವಲ್ಪ ಜಾಸ್ತಿ ಇರುವುದನ್ನು ಅವರು ಕಂಡರು. ನನಗೆ ಮುಖ್ಯ ಅನ್ನಿಸಿದ್ದು ಈ ಕೊನೆಯ ಮಾತು. ಅದನ್ನು ಆಮೇಲೆ ಮತ್ತೆ ಹಿಡಿಯುತ್ತೇನೆ.

ಆ 85ನ್ನು ಮಾತ್ರ ದಯವಿಟ್ಟು ನಮ್ಮ ಗೋಡೆಗೆ ಅಂಟಿಸಬೇಡಿ. ಅದು ಇಂಗ್ಲಿಷ್ ಪದಗಳ ಲೆಕ್ಕ. ನಮ್ಮಲ್ಲಿ 'ಮನೆಯಾಯ್ತು' ಒಂದೇ ಪದ. ಅದನ್ನು ಅವರ ಭಾಷೆಯಲ್ಲಿ ಹೇಳಲು ಮೂರ್ನಾಲ್ಕು ಚಿಕ್ಕ ಪದ ಬೇಕು. ನಮ್ಮ ಪದ ಉದ್ದ, ಅದರ ಬಾಲದಲ್ಲಿ ವಿಭಕ್ತಿ, ಅದರಾಚೆ ಇನ್ನೊಂದು ಕೊಂಡಿ. 2021ರಲ್ಲಿ ಶುರುವಾದ ನಿಪುಣ್ ಭಾರತ್‌ನಲ್ಲಿ ಎರಡನೇ ತರಗತಿಗೆ ನಿಮಿಷಕ್ಕೆ 45ರಿಂದ 60 ಪದ ಅಂತ ಇದೆ. ಅದು ನಿಮಗೆಲ್ಲ ಗೊತ್ತು, ನಮೂನೆಯಲ್ಲಿ ತುಂಬಿಸಿಯೂ ಇದ್ದೀರಿ. ಆದರೆ 'ಆನೆ ಬಂತು, ಮರ ಇದೆ' ಅನ್ನುವ ಪಾಠದಲ್ಲಿ 45 ಪದ, 'ಮನೆಯಲ್ಲಿದ್ದವರಿಗೆ' ಅನ್ನುವಂಥ ಪದಗಳಿರುವ ಪಾಠದಲ್ಲಿ 45 ಪದ, ಎರಡೂ ಒಂದೇ ಅಲ್ಲ. ಹಾಗಾಗಿ ನಾನು ಒಂದು ಮಗುವನ್ನು ಆ ಮಗುವಿನ ಹೋದ ತಿಂಗಳ ಜೊತೆ ಮಾತ್ರ ಹೋಲಿಸುತ್ತೇನೆ.

ಈಗ ಪದ್ಯಕ್ಕೆ ಬನ್ನಿ. ಗದ್ಯ ಬಿಟ್ಟು ಪದ್ಯ ಯಾಕೆ? ಮಕ್ಕಳಿಗೆ ಖುಷಿ ಅನ್ನುವುದು ಒಂದು. ಅದಕ್ಕಿಂತ ಗಟ್ಟಿ ಕಾರಣ ಇನ್ನೊಂದು ಇದೆ. ಏಳೆಂಟು ವರ್ಷದ ಮಗುವಿಗೆ ಎಲ್ಲಿ ನಿಲ್ಲಬೇಕು ಅಂತ ಗದ್ಯದಲ್ಲಿ ಗೊತ್ತಾಗುವುದಿಲ್ಲ. ಸಾಲು ಮುಗಿದಲ್ಲಿ ನಿಲ್ಲುತ್ತದೆ. ಆದರೆ ಪಠ್ಯಪುಸ್ತಕದ ಸಾಲು ಅರ್ಥ ಮುಗಿದಲ್ಲಿ ಮುಗಿಯುವುದಿಲ್ಲ, ಕಾಗದ ಮುಗಿದಲ್ಲಿ ಮುಗಿಯುತ್ತದೆ. ಪದ್ಯದಲ್ಲಿ ಸಾಲು ಮುಗಿಯುವುದೂ ಮಾತು ಮುಗಿಯುವುದೂ ಒಂದೇ ಕಡೆ. 'ಬಜ್ಜಿಗೆ ಹನಿಯೂ ತಗುಲಿಲ್ಲ.' ನಿಂತೆವು. ಸರಿಯಾದ ಜಾಗದಲ್ಲೇ ನಿಂತೆವು. ಪದಗಳನ್ನು ಗುಂಪು ಮಾಡಿ ಓದುವುದು ಸರಾಗ ಓದಿನ ಅರ್ಧ ಭಾಗ. ಅದನ್ನು ಪದ್ಯ ತಾನಾಗಿ ಕೊಡುತ್ತದೆ.

ಜೊತೆಗೆ ಪದ್ಯದಲ್ಲಿ ಒಂದೇ ಪದ ಬೇರೆ ಬೇರೆ ಬಾಲ ಹಚ್ಚಿಕೊಂಡು ಬರುತ್ತದೆ. ಬುಟ್ಟಿಯ, ಬುಟ್ಟಿಗೆ, ಬುಟ್ಟಿಯು. ಬಜ್ಜಿ, ಬಜ್ಜಿಗೆ. ಸಂತೆಗೆ, ಸಂತೆಯ. ನಾನಿದನ್ನು ಬೇಕಂತಲೇ ಹಾಕಿದೆ. ಕನ್ನಡ ಓದುವ ಮಗು ಮೊದಲರ್ಧ ನೋಡಿ ಉಳಿದರ್ಧ ಊಹಿಸುತ್ತದೆ. ಅದು ಊಹೆಯೋ ಓದೋ ಅಂತ ಹಿಡಿಯುವುದು ಈ ಬಾಲದಲ್ಲೇ.

ಇನ್ನು ಒತ್ತಕ್ಷರ. ಈ ಪದ್ಯದ 26 ಪದಗಳಲ್ಲಿ 16ಕ್ಕೆ ಒತ್ತು ಇದೆ. ಅಬ್ಬಾ ಅನ್ನಬೇಡಿ, ಇದು ಜೂನ್ ತಿಂಗಳ ಪದ್ಯ ಅಲ್ಲ, ನವೆಂಬರ್‌ನದು. ಆ 16ರಲ್ಲಿ 10 ಪದಗಳಲ್ಲಿ ಅದೇ ಅಕ್ಷರಕ್ಕೆ ಅದೇ ಅಕ್ಷರದ ಒತ್ತು: ಬಜ್ಜಿ, ಬುಟ್ಟಿ, ಮಕ್ಕಳು, ತಗುಲಿಲ್ಲ ಇಂಥವು. ಇವು ಎರಡನೇ ತರಗತಿಯ ಮಕ್ಕಳಿಗೆ ಬೇಗ ಬರುತ್ತವೆ. ಉಳಿದ 6 ಪದಗಳಲ್ಲಿ ಬೇರೆ ಅಕ್ಷರದ ಒತ್ತು: ಛತ್ರಿಯೆ, ಮನೆಯಾಯ್ತು, ತೊಯ್ದಿತು, ಬಂದಾಯ್ತು, ಕ್ಷಣದಲಿ, ಬರಿದಾಯ್ತು. ಮಗು ಮುಗ್ಗರಿಸುವುದು ಇಲ್ಲಿ.

ಯಾಕೆ ಅಂತ ನೀವೇ ಬೋರ್ಡ್ ಮೇಲೆ 'ತ್ರಿ' ಬರೆದು ನೋಡಿ. ಮೇಲೆ ಏನಿದೆ? 'ತಿ' ಇದೆ. ಇಕಾರ ತಕಾರದ ತಲೆ ಮೇಲೇ ಕೂತಿದೆ. ಕೆಳಗೆ ರಕಾರದ ಒತ್ತು. ಆದರೆ ಬಾಯಲ್ಲಿ ಹೇಳುವಾಗ ಮೊದಲು ತ್, ಆಮೇಲೆ ರ್, ಕೊನೆಗೆ ಇ. ಕಣ್ಣಿಗೆ ಮೊದಲು ಸಿಕ್ಕ ಸ್ವರವನ್ನು ಬಾಯಿ ಕೊನೆಗೆ ಹೇಳಬೇಕು. 'ಯ್ತು' ಇನ್ನೂ ಮಜಾ. ಮೇಲೆ ಕಾಣುವುದು 'ಯು'. ಹಾಗಾಗಿ ಮಗು 'ಮನೆಯಾಯು' ಅಂತ ಓದಿ, ಕೆಳಗಿನ ತಕಾರ ಕಂಡು ಗಾಬರಿಯಾಗಿ ನಿಲ್ಲುತ್ತದೆ. ಅದು ದಡ್ಡತನ ಅಲ್ಲ. ಮಗು ಕಂಡದ್ದನ್ನು ಕಂಡ ಕ್ರಮದಲ್ಲೇ ಪ್ರಾಮಾಣಿಕವಾಗಿ ಓದಿದೆ. ಕನ್ನಡ ಅಕ್ಷರ ಕಲಿಕೆಯ ಮೇಲೆ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ನಮ್ಮ ಮಕ್ಕಳ ಅಕ್ಷರ ಕಲಿಕೆ ನಾಲ್ಕು, ಐದನೇ ತರಗತಿಯವರೆಗೂ ನಡೆಯುತ್ತಲೇ ಇರುತ್ತದೆ ಅಂತ ಅದು ತೋರಿಸುತ್ತದೆ. ಅಂದಮೇಲೆ ಎರಡನೇ ತರಗತಿಯ ಮಗು 'ಕ್ಷ' ನೋಡಿ ನಿಂತರೆ ಅದು ತನ್ನ ದಾರಿಯಲ್ಲೇ ಇದೆ.

ಒಂದು ಒತ್ತಕ್ಷರವನ್ನು ತಡವರಿಸದೆ ಗುರುತಿಸಲು ಅದನ್ನು ಬಹಳ ಸಲ ನೋಡಬೇಕು. ಹತ್ತು ಬೇರೆ ಬೇರೆ ಪಾಠ ಓದಿದರೂ 'ಯ್ತು' ಎಷ್ಟು ಸಲ ಕಣ್ಣಿಗೆ ಬಿದ್ದೀತೋ ಗೊತ್ತಿಲ್ಲ. ಈ ಪದ್ಯವನ್ನು ಐದು ಸಲ ಓದಿದರೆ 'ಯ್ತು' ಹದಿನೈದು ಸಲ ಸಿಗುತ್ತದೆ. ಅದೂ ಪ್ರತಿ ಸಲ ಪ್ರಾಸದ ಜಾಗದಲ್ಲಿ, ಅಂದರೆ ಕಿವಿ ಕಾಯುತ್ತಿರುವ ಜಾಗದಲ್ಲಿ.

ಸರಿ, ವಾರ ಹೇಗೆ ನಡೆಯುತ್ತದೆ ಅಂತ ಒಬ್ಬಳು ಹುಡುಗಿಯ ಮೂಲಕ ಹೇಳುತ್ತೇನೆ. ಹೆಸರು ಬೇಡ. ನನ್ನದು ನಲಿಕಲಿ ಕೊಠಡಿ. ಒಂದು, ಎರಡು, ಮೂರನೇ ತರಗತಿ ಒಟ್ಟಿಗೆ ಕೂರುತ್ತವೆ.

ಸೋಮವಾರ ಅವಳ ಕೈಗೆ ಪದ್ಯ ಕೊಟ್ಟೆ. ನಾನು ಓದಿ ತೋರಿಸಲಿಲ್ಲ, ಅರ್ಥ ಹೇಳಲಿಲ್ಲ. 'ನಿಂಗೆ ಬಂದ ಹಾಗೆ ಓದವ್ವ' ಅಂದೆ, ಅಷ್ಟೇ. ಈ ಮೊದಲ ಓದು ಬಹಳ ಮುಖ್ಯ. ನಮ್ಮಲ್ಲಿ ಹೆಚ್ಚಿನವರು ಇದನ್ನು ಬಿಟ್ಟುಬಿಡುತ್ತೇವೆ. ನಾವು ಮೊದಲು ರಾಗವಾಗಿ ಹಾಡಿ ತೋರಿಸಿ ಆಮೇಲೆ ಓದಿಸುತ್ತೇವೆ. ಆಗ ಮಗುವಿಗೆ ನಿಜಕ್ಕೂ ಎಷ್ಟು ಓದಲು ಬರುತ್ತದೆ ಅನ್ನುವುದು ಯಾರಿಗೂ ತಿಳಿಯದೆ ಹೋಗುತ್ತದೆ.

ನನ್ನ ಕೈಯಲ್ಲಿ ಅದೇ ಪದ್ಯದ ಇನ್ನೊಂದು ಪ್ರತಿ, ಒಂದು ಪೆನ್ಸಿಲ್, ಮೊಬೈಲ್ ಗಡಿಯಾರ. ಮೊಬೈಲನ್ನು ಮೇಜಿನ ಕೆಳಗೆ ಇಟ್ಟುಕೊಳ್ಳುತ್ತೇನೆ. ತಪ್ಪಿದ ಪದದ ಮೇಲೆ ಗೆರೆ ಹಾಕಿ, ಅವಳು ಹೇಳಿದ್ದನ್ನು ಮೇಲೆ ಬರೆಯುತ್ತೇನೆ. ಒಂದು ಪದದ ಮುಂದೆ ಮೂರು ಸೆಕೆಂಡು ನಿಂತರೆ ನಾನೇ ಪದ ಹೇಳಿಕೊಡುತ್ತೇನೆ, ಅದನ್ನು ತಪ್ಪು ಅಂತ ಎಣಿಸುತ್ತೇನೆ. ತಾನೇ ತಿದ್ದಿಕೊಂಡರೆ ಅದು ಸರಿ.

ಇಲ್ಲೊಂದು ಅಡ್ಡಮಾತು. ನಮ್ಮ ಕಡೆ 'ಹನಿ' ಅನ್ನುವುದು 'ಅನಿ' ಆಗುತ್ತದೆ. 'ಛತ್ರಿ' ಅನ್ನುವುದು 'ಚತ್ರಿ'. ಇವನ್ನು ತಪ್ಪು ಅಂತ ಎಣಿಸಬೇಡಿ. ಮಗು ಪದ ಗುರುತಿಸಿ ತನ್ನ ಮನೆಯ ಬಾಯಲ್ಲಿ ಹೇಳಿದೆ. ಉಚ್ಚಾರ ತಿದ್ದುವ ಕೆಲಸ ಬೇರೆ, ಅದಕ್ಕೆ ಬೇರೆ ಹೊತ್ತು ಇದೆ. ಓದುವ ಮಧ್ಯೆ 'ಹ ಹೇಳು, ಹ ಹೇಳು' ಅಂತ ನಿಲ್ಲಿಸಿದರೆ ಓಟ ಅಲ್ಲೇ ಸತ್ತುಹೋಗುತ್ತದೆ. ನಾನೂ ಮೊದಲು ಹಾಗೆ ನಿಲ್ಲಿಸುತ್ತಿದ್ದವನೇ.

ಅವಳಿಗೆ 78 ಸೆಕೆಂಡು ಹಿಡಿಯಿತು. ತಪ್ಪು ಐದು. 'ಬುಟ್ಟಿಗೆ' ಅನ್ನುವುದನ್ನು 'ಬುಟ್ಟಿಯ' ಅಂದಳು. 'ಛತ್ರಿಯೆ' ಮುಂದೆ ನಿಂತಳು, ನಾನು ಹೇಳಿದೆ. 'ಮನೆಯಾಯು' ಅಂದಳು. 'ತೊಯ್ದಿತು' ಅನ್ನುವುದನ್ನು 'ತೊಯಿದಿತು' ಅಂದಳು. 'ಕ್ಷಣದಲಿ' ನಾನೇ ಹೇಳಬೇಕಾಯಿತು. ಸರಿಯಾಗಿ ಓದಿದ್ದು 21 ಪದ, 78 ಸೆಕೆಂಡಿಗೆ. ನಿಮಿಷಕ್ಕೆ ಲೆಕ್ಕ ಹಾಕಿದರೆ 16.

ಒಂದು ವಿಷಯ ಗಮನಿಸಿ. 'ಮನೆಯಾಯ್ತು' ತಪ್ಪಿತು. ಆದರೆ ಮೂರು ಸಾಲು ಕಳೆದು ಬಂದ 'ಬಂದಾಯ್ತು' ಸರಿಯಾಯಿತು. ಅಲ್ಲಿ ಕಣ್ಣಿಗಿಂತ ಕಿವಿ ಸಹಾಯ ಮಾಡಿದೆ. 'ಬಂದಾಯ್ತು' ಅವಳು ದಿನಾ ಮನೆಯಲ್ಲಿ ಹೇಳುವ ಮಾತು. 'ಮನೆಯಾಯ್ತು' ಅಂತ ಯಾರೂ ದಿನಾ ಹೇಳುವುದಿಲ್ಲ. ಮನೆಯಲ್ಲಿ ಉರ್ದು, ತುಳು, ತೆಲುಗು ಆಡುವ ಮಕ್ಕಳಿಗೆ ಈ ಕಿವಿಯ ಸಹಾಯ ಅಷ್ಟು ಸಿಗುವುದಿಲ್ಲ. ಅವರಿಗೆ ಓದಿಸುವ ಮೊದಲು ಪದ್ಯದ ಮಾತುಗಳನ್ನು ಬಾಯಲ್ಲಿ ಆಡಿಸಬೇಕು. ಬಜ್ಜಿ ತೋರಿಸಿದರೂ ಸರಿ, ತಿನ್ನಿಸಿದರೆ ಇನ್ನೂ ಒಳ್ಳೆಯದು.

ಐದಾರು ಪದಕ್ಕೆ ಒಂದು ತಪ್ಪು ಅನ್ನುವುದು ನನ್ನ ಮಟ್ಟಿಗೆ ಗಡಿ. ಇವಳು ಆ ಗಡಿಯ ಮೇಲೆ ನಿಂತಿದ್ದಳು. ಮೂರು ಪದಕ್ಕೆ ಒಂದು ತಪ್ಪಾದರೆ ಆ ಮಗುವಿಗೆ ಆ ಪದ್ಯ ಕೊಡಬೇಡಿ, ಸುಲಭದ್ದು ಕೊಡಿ. ಓದಲಾಗದ್ದನ್ನು ಐದು ಸಲ ಓದಿಸಿದರೆ ಮಗು ಐದು ಸಲ ಸೋಲುತ್ತದೆ. ಇಲ್ಲವೇ, ಪಕ್ಕದವರ ಬಾಯಿಂದ ಕೇಳಿ ಕಲಿತುಬಿಡುತ್ತದೆ.

ಇದಾದ ಮೇಲೆ ಅದೇ ಸೋಮವಾರ ನಾನು ಪದ್ಯ ಓದಿದೆ. ಹಾಡಲಿಲ್ಲ, ಓದಿದೆ. ಬೆರಳನ್ನು ಪದದ ಕೆಳಗೆ ಇಟ್ಟು ಸಹಜ ಮಾತಿನ ವೇಗದಲ್ಲಿ ಓದಿದೆ. ಆಮೇಲೆ ಒಂದೇ ಪ್ರಶ್ನೆ: 'ಅಜ್ಜಿ ಹತ್ರ ಛತ್ರಿ ಇತ್ತಲ್ಲ, ಮತ್ತೆ ತಲೆ ಯಾಕೆ ತೊಯ್ದಿತು?' ಮೊದಲು ಯಾರೂ ಹೇಳಲಿಲ್ಲ. ಒಬ್ಬ ಹುಡುಗ 'ಛತ್ರಿ ತೂತಾಗಿತ್ತು ಸಾರ್' ಅಂದ. ಬುದ್ಧಿವಂತ, ಆದರೆ ಪದ್ಯದಲ್ಲಿ ಅದಿಲ್ಲ. ನಾಲ್ಕನೇ ಸಾಲು ಮತ್ತೆ ಓದಿ ಅಂದೆ. 'ಬುಟ್ಟಿಗೆ ಛತ್ರಿಯೆ ಮನೆಯಾಯ್ತು.' ಬುಟ್ಟಿಗೆ! ಛತ್ರಿ ಹಿಡಿದದ್ದು ಬುಟ್ಟಿಗೆ, ತಲೆಗಲ್ಲ. ಆಗ ನಗು ಬಂತು. 'ಬುಟ್ಟಿಯ' ಅಂತ ಓದಿದ್ದ ಹುಡುಗಿಗೆ 'ಗೆ' ಯಾಕೆ ಮುಖ್ಯ ಅಂತ ನಾನು ವ್ಯಾಕರಣ ಹೇಳಬೇಕಾಗಲಿಲ್ಲ. ಬಜ್ಜಿ ಒಣಗಿ ಉಳಿದದ್ದೇ ಆ 'ಗೆ'ಯಿಂದ, ಅಲ್ವಾ?

ಮಂಗಳವಾರ ನಾನೊಂದು ಸಾಲು, ಮಕ್ಕಳೊಂದು ಸಾಲು. ಆಮೇಲೆ ಎಲ್ಲರೂ ಒಟ್ಟಿಗೆ. ಒಟ್ಟಿಗೆ ಓದುವುದರಲ್ಲಿ ಒಂದು ಮೋಸ ಇದೆ, ನಿಮಗೆ ಗೊತ್ತು. ಹಿಂದಿನ ಸಾಲಿನವರು ತುಟಿ ಆಡಿಸುತ್ತಾರೆ, ಸದ್ದು ಮುಂದಿನವರದು. ನಾನು ಹಿಂದೆ ಹೋಗಿ ನಿಂತುಕೊಳ್ಳುತ್ತೇನೆ. ಬೆರಳು ಎಲ್ಲಿದೆ ಅಂತ ನೋಡುತ್ತೇನೆ. ಬಾಯಿ ಐದನೇ ಸಾಲಿನಲ್ಲಿ, ಬೆರಳು ಎರಡನೇ ಸಾಲಿನಲ್ಲಿ ಇದ್ದರೆ ಆ ಮಗು ಓದುತ್ತಿಲ್ಲ.

ಇನ್ನೊಂದು ಅಪಾಯ ರಾಗ. ನಮ್ಮ ಶಾಲೆಗಳಿಗೆಲ್ಲ ಒಂದೇ ರಾಗ ಇದೆ. ಮಗ್ಗಿಗೂ ಅದೇ, ಪದ್ಯಕ್ಕೂ ಅದೇ. ಅದರಲ್ಲಿ 'ಸಂತೆಗೆಹೊರ... ಟಳುಮುದ್ದಜ್ಜಿ' ಅಂತ ಪದ ಎಲ್ಲೆಲ್ಲೋ ತುಂಡಾಗುತ್ತದೆ. ಪದ ತುಂಡಾದರೆ ಕಣ್ಣಿಗೂ ಬಾಯಿಗೂ ಸಂಬಂಧ ಕಡಿಯಿತು ಅಂತ ಲೆಕ್ಕ. ಹಾಡು ಬೇಡ ಅಂತಲ್ಲ. ಹಾಡು ಶುಕ್ರವಾರ ಸಂಜೆಗೆ ಇರಲಿ. ಓದುವ ದಿನಗಳಲ್ಲಿ ಕತೆ ಹೇಳುವ ಧ್ವನಿ ಇರಲಿ.

ಬುಧವಾರ ಜೋಡಿ ಓದು. ಇಲ್ಲಿ ನಲಿಕಲಿ ಕೊಠಡಿಯ ಲಾಭ ಇದೆ. ಮೂರನೇ ತರಗತಿಯ ಮಗು ಪಕ್ಕದಲ್ಲೇ ಇದೆಯಲ್ಲ. ನಮ್ಮ ಹುಡುಗಿಗೆ ಒಬ್ಬಳು ಅಕ್ಕ ಸಿಕ್ಕಳು. ಅಕ್ಕನಿಗೆ ಒಂದೇ ನಿಯಮ: ತಂಗಿ ನಿಂತರೆ ಬೆರಳಲ್ಲಿ ಮೂರು ಎಣಿಸು, ಆಮೇಲೆ ಮಾತ್ರ ಹೇಳು. ಈ ನಿಯಮ ಇಲ್ಲದಿದ್ದರೆ ದೊಡ್ಡ ಮಕ್ಕಳು ತಾವೇ ಓದಿ ಮುಗಿಸಿಬಿಡುತ್ತಾರೆ. ಮೇಷ್ಟ್ರಾಗುವ ಆಸೆ ಯಾರಿಗಿಲ್ಲ!

ಗುರುವಾರ ಪದ್ಯವನ್ನು ಒಡೆಯುವ ದಿನ. ಎಂಟು ಸಾಲನ್ನು ಎಂಟು ಪಟ್ಟಿಯಾಗಿ ಕತ್ತರಿಸಿ ಕಲಸಿ ಕೊಡುತ್ತೇನೆ. ಜೋಡಿಸಿ ಓದಬೇಕು. ಆಮೇಲೆ ಕೆಳಗಿನ ಸಾಲಿನಿಂದ ಮೇಲಕ್ಕೆ ಓದಬೇಕು. 'ಆರನೇ ಸಾಲು ಓದು' ಅಂತ ಕೇಳುತ್ತೇನೆ. ಪದ್ಯ ಬಾಯಿಗೆ ಬಂದಿರುವ ಮಗು ಆರನೇ ಸಾಲಿಗೆ ಹೋಗಲು ಮನಸ್ಸಿನಲ್ಲೇ ಮೊದಲಿಂದ ಹೇಳಿಕೊಂಡು ಬರುತ್ತದೆ. ತುಟಿ ನೋಡಿದರೆ ಗೊತ್ತಾಗುತ್ತದೆ. ನಾವು ಟೆಲಿಫೋನ್ ನಂಬರನ್ನು ನಡುವಿನಿಂದ ಹೇಳಲಾರೆವಲ್ಲ, ಹಾಗೆ.

ಶುಕ್ರವಾರ ಮತ್ತೆ ಗಡಿಯಾರ. ಅವಳು 31 ಸೆಕೆಂಡಿನಲ್ಲಿ ಓದಿದಳು. ತಪ್ಪು ಒಂದು, ಮತ್ತೆ ಆ 'ತೊಯ್ದಿತು'. ನಿಮಿಷಕ್ಕೆ 48 ಸರಿ ಪದ. 16ರಿಂದ 48. ಒಂದೇ ವಾರದಲ್ಲಿ ಮೂರು ಪಟ್ಟು!

ಇಲ್ಲೇ ನಿಲ್ಲಿಸಿ ಚಪ್ಪಾಳೆ ಹೊಡೆಯಬಹುದಿತ್ತು. ನಾನು ಮೊದಲೆರಡು ವರ್ಷ ಹಾಗೇ ಮಾಡಿದೆ. 48 ಅಂತ ವಹಿಯಲ್ಲಿ ಬರೆದೆ, ಗುರಿ ಮುಟ್ಟಿದೆ ಅಂತ ಪಕ್ಕದಲ್ಲಿ ಟಿಕ್ ಹಾಕಿದೆ. ಆ ಟಿಕ್ ಸುಳ್ಳು ಅಂತ ತಿಳಿದದ್ದು ಒಬ್ಬ ಹುಡುಗನಿಂದ. ಅದೇ ಛತ್ರಿ ತೂತಾಗಿತ್ತು ಅಂದವನು.

ಅವನು ಶುಕ್ರವಾರ ಈ ಪದ್ಯವನ್ನು 19 ಸೆಕೆಂಡಿನಲ್ಲಿ ಓದಿದ. ಒಂದೂ ತಪ್ಪಿಲ್ಲ. ನಿಮಿಷಕ್ಕೆ 82. ಇಡೀ ಕೊಠಡಿಯಲ್ಲಿ ಅವನೇ ಮುಂದೆ. ಸೋಮವಾರ ಅವನದು 10 ಇತ್ತು. ನನಗೆ ಅನುಮಾನ ಬಂತು, ಯಾಕೆಂದರೆ ಅವನು ಪುಟ ತಿರುಗಿಸುವ ಮೊದಲೇ ಮೊದಲ ಸಾಲು ಮುಗಿದಿತ್ತು. ಮರುದಿನ ಅವನಿಗೂ ನಮ್ಮ ಹುಡುಗಿಗೂ ಇನ್ನೊಂದು ಹಾಳೆ ಕೊಟ್ಟೆ. ನೋಡಲು ಅದೇ ಪದ್ಯ. ಆದರೆ ಮೂರು ಪದ ಬದಲಾಯಿಸಿದ್ದೆ. 'ಬಿಸಿ ಬಜ್ಜಿ' ಇದ್ದಲ್ಲಿ 'ಬಿಸಿ ಇಡ್ಲಿ'. 'ಬುಟ್ಟಿಗೆ ಛತ್ರಿಯೆ' ಇದ್ದಲ್ಲಿ 'ಬಜ್ಜಿಗೆ ಛತ್ರಿಯೆ'. 'ಸಂತೆಯ ಮಕ್ಕಳು' ಇದ್ದಲ್ಲಿ 'ಸಂತೆಯ ಹುಡುಗರು'. ಇದಕ್ಕೆ ನಮ್ಮ ತರಗತಿಯಲ್ಲಿ 'ಕಳ್ಳ ಪದ' ಅನ್ನುತ್ತೇವೆ. ಮೊದಲೇ ಹೇಳಬಾರದು.

ಹುಡುಗಿ 'ಇಡ್ಲಿ' ಅಂತ ಓದಿ ತಲೆ ಎತ್ತಿ ನನ್ನನ್ನು ನೋಡಿದಳು. 'ಹುಡುಗರು' ಕೂಡ ಸಿಕ್ಕಿತು. ನಡುವಿನ 'ಬಜ್ಜಿಗೆ' ತಪ್ಪಿತು, 'ಬುಟ್ಟಿಗೆ' ಅಂತಲೇ ಓದಿದಳು. ಮೂರರಲ್ಲಿ ಎರಡು. ಅಂದರೆ ಬಹುಪಾಲು ಕಣ್ಣು ಕಾಗದದ ಮೇಲಿದೆ, ಅಲ್ಲಲ್ಲಿ ನೆನಪು ಮುಂದೆ ಓಡುತ್ತಿದೆ. ಅದು ಇರುವುದೇ ಹಾಗೆ, ನಾವು ದೊಡ್ಡವರೂ ಹಾಗೇ ಓದುತ್ತೇವೆ. ಹುಡುಗ ಮೂರನ್ನೂ ಹಳೆಯ ಪದ್ಯದ ಹಾಗೇ ಹೇಳಿ ಮುಗಿಸಿ, ಜಾಣನ ಹಾಗೆ ಕೈಕಟ್ಟಿ ನಿಂತ. 82 ಅವನ ನೆನಪಿನ ವೇಗ. ಓದಿನ ವೇಗ ಅಲ್ಲ.

ಆಮೇಲೆ ಇಬ್ಬರಿಗೂ ಹೊಸ ಪದ್ಯ ಕೊಟ್ಟೆ. ಅಜ್ಜಿಯ ಮನೆಯ ಬೆಕ್ಕಿನದು. ಅದರಲ್ಲಿ ಹಳೆಯ ಪದ್ಯದ ಎಂಟು ಹತ್ತು ಪದಗಳು ಬೇರೆ ಜಾಗದಲ್ಲಿ ಇದ್ದವು. ಬುಟ್ಟಿಯ, ಛತ್ರಿ, ಕ್ಷಣದಲಿ, ಒಂದೆರಡು ಕಡೆ 'ಯ್ತು'. ಯಾರೂ ಓದಿ ತೋರಿಸಿಲ್ಲ. ಹುಡುಗಿ ನಿಮಿಷಕ್ಕೆ 21 ಸರಿ ಪದ ಓದಿದಳು. ಹುಡುಗ 9.

ಈ ಎರಡು ಅಂಕಿಗಳನ್ನು ನೋಡಿ. ಹುಡುಗಿಯ ನಿಜವಾದ ಏರಿಕೆ 16ರಿಂದ 21ಕ್ಕೆ. 48ಕ್ಕೆ ಅಲ್ಲ. ಐದು ಪದ ಅಂದರೆ ಕಡಿಮೆ ಅನ್ನಿಸಬಹುದು. ಆದರೆ ಅದು ಅವಳದೇ. ಹೊಸ ಕಾಗದದ ಮೇಲೂ ಅವಳ ಜೊತೆ ಬರುತ್ತದೆ. ಒಂದು ವಾರದ ಅಂಕಿ ಏರುಪೇರು ಆಗುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಹೊಸ ಪದ್ಯ ಸ್ವಲ್ಪ ಸುಲಭ ಇದ್ದಿರಬಹುದು. ಹಾಗಾಗಿ ನಾಲ್ಕೈದು ವಾರದ ಸೋಮವಾರಗಳನ್ನು ಸಾಲಾಗಿ ಬರೆದು ನೋಡಬೇಕು. ಸ್ಯಾಮ್ಯುಯಲ್ಸ್ ಮಾತು ಮತ್ತೆ ಹಿಡಿಯುತ್ತೇನೆ ಅಂದೆನಲ್ಲ, ಇದೇ ಅದು. ಬೆಳವಣಿಗೆ ಕಾಣುವುದು ಸೋಮವಾರದಿಂದ ಸೋಮವಾರಕ್ಕೆ. ಸೋಮವಾರದಿಂದ ಶುಕ್ರವಾರಕ್ಕೆ ಕಾಣುವುದು ಆ ಒಂದು ಪದ್ಯದ ಪಳಗಿಕೆ. ನಿಮ್ಮ ವಹಿಯಲ್ಲಿ ಒಂದೇ ಕಾಲಂ ಇದ್ದರೆ ಅದರಲ್ಲಿ ಸೋಮವಾರದ ಅಂಕಿ ಬರೆಯಿರಿ.

ಹಾಗಾದರೆ ಶುಕ್ರವಾರದ ಓದು ವ್ಯರ್ಥವೇ? ಅಲ್ಲ. ಸರಾಗವಾಗಿ ಓದುವುದು ಅಂದರೆ ಹೇಗಿರುತ್ತದೆ ಅಂತ ಆ ಮಗು ತನ್ನ ಬಾಯಿಂದಲೇ ಕೇಳಿಸಿಕೊಳ್ಳುವುದು ಅವತ್ತು. ಅದರ ಬೆಲೆ ನನಗೆ ಅಂಕಿಯಲ್ಲಿ ಹೇಳಲು ಬರುವುದಿಲ್ಲ.

ಎಷ್ಟು ಸಲ ಓದಿಸಬೇಕು ಅಂತ ಕೇಳುತ್ತೀರಿ. ನಾಲ್ಕನೇ ಓದಿನ ಹೊತ್ತಿಗೆ ಬಹುಪಾಲು ಲಾಭ ಬಂದುಬಿಡುತ್ತದೆ. ಸಂಶೋಧನೆಯಲ್ಲೂ ಹಾಗೇ ಕಂಡಿದೆ, ನನ್ನ ವಹಿಯಲ್ಲೂ ಹಾಗೇ ಇದೆ. ಪದ್ಯದಲ್ಲಂತೂ ಐದನೇ ಸಲದ ನಂತರ ಓದುವುದು ನಿಂತು ಒಪ್ಪಿಸುವುದು ಶುರುವಾಗುತ್ತದೆ. ಹಾಗಾಗಿ ನಾನು ಐದಕ್ಕೆ ನಿಲ್ಲಿಸಿ ಬೇರೆ ಪದ್ಯ ತೆಗೆದುಕೊಳ್ಳುತ್ತೇನೆ. ಅಂಗನವಾಡಿಯಲ್ಲೇ ಹಾಡಿ ಕುಣಿದ ಪದ್ಯಗಳನ್ನು ಈ ಕೆಲಸಕ್ಕೆ ಬಳಸುವುದೇ ಇಲ್ಲ. ಅವು ಮೊದಲ ಓದಿನಲ್ಲೇ ಒಪ್ಪಿಸುವ ಪದ್ಯಗಳು.

ಗಡಿಯಾರವನ್ನು ಮೇಜಿನ ಕೆಳಗೆ ಇಡುತ್ತೇನೆ ಅಂದೆನಲ್ಲ, ಅದಕ್ಕೂ ಕಾರಣ ಇದೆ. ಒಂದು ವರ್ಷ ಎಲ್ಲರಿಗೂ ಕಾಣುವ ಹಾಗೆ ಇಟ್ಟಿದ್ದೆ. ಮಕ್ಕಳಿಗೆ ಅದು ಓಟದ ಪಂದ್ಯವಾಯಿತು. ಮೊದಲು ಹೋದದ್ದು ಸಾಲಿನ ಕೊನೆಯ ನಿಲುಗಡೆ. ಆಮೇಲೆ ಒತ್ತು ಹೋಯಿತು: ಬುಟ್ಟಿ 'ಬುಟಿ' ಆಯಿತು, ಅಜ್ಜಿ 'ಅಜಿ' ಆದಳು. ಯಾರಾದರೂ ಹೀಗೆ ಓದಿದರೆ ಈಗ ನಾನು ವೇಗದ ಮಾತೇ ಎತ್ತುವುದಿಲ್ಲ. 'ಅಜ್ಜಿಗೆ ಕಿವಿ ಕೇಳಲ್ಲ, ಅವಳಿಗೆ ಓದಿ ಹೇಳು' ಅನ್ನುತ್ತೇನೆ. ತಕ್ಷಣ ಒತ್ತು ವಾಪಸ್ ಬರುತ್ತದೆ.

ಆ ಹುಡುಗನ ವಿಷಯ ಹೇಳದೆ ಬಿಟ್ಟರೆ ನೀವು ಬೈಯುತ್ತೀರಿ. ಅವನ ಐದು ದಿನ ಸುಮ್ನೆ ಹೋಯಿತು, ತಪ್ಪು ನನ್ನದು. ಸೋಮವಾರ ಅವನದು ಮೂರು ಪದಕ್ಕೆ ಒಂದು ತಪ್ಪು ಇತ್ತು, ನನ್ನ ನಿಯಮ ನಾನೇ ಮುರಿದಿದ್ದೆ. ಅವನ ತಪ್ಪುಗಳನ್ನು ಮತ್ತೆ ತೆಗೆದು ನೋಡಿದರೆ ಬಜ್ಜಿ, ಬುಟ್ಟಿಯಂಥ ಪದಗಳಲ್ಲೇ ಒತ್ತು ಬಿಟ್ಟುಹೋಗಿತ್ತು. ಒಂದೆರಡು ಕಡೆ 'ಳ' ಮತ್ತು 'ಲ' ಅದಲುಬದಲು. ಇಷ್ಟು ಅಕ್ಷರ ಗಟ್ಟಿ ಇಲ್ಲದ ಮಗುವಿಗೆ ಪುನರಾವರ್ತಿತ ಓದು ಮದ್ದಲ್ಲ. ಅವನಿಗೆ ಬೇಕಾದದ್ದು ಒತ್ತಕ್ಷರದ ಮಿಂಚುಪಟ್ಟಿ, ಎರಡು ಸಾಲಿನ ಪದ್ಯ, ಪಕ್ಕದಲ್ಲಿ ಒಬ್ಬರು. ಎರಡೇ ಸಾಲು, ಅದರಲ್ಲಿ ಎರಡೇ ಒತ್ತು. ಅವನ ನೆನಪಿನ ಶಕ್ತಿ ಜೋರು. ಅದಕ್ಕೆ ಅವಕಾಶ ಕೊಡಬಾರದು ಅಂತ ಪ್ರತಿ ದಿನ ಅದೇ ಒತ್ತುಗಳಲ್ಲಿ ಹೊಸ ಎರಡು ಸಾಲು ಬರೆಯುತ್ತಿದ್ದೆ. ಕವಿ ಆಗಿಬಿಟ್ಟೆ ಅಂತ ನಮ್ಮ ಮೇಡಂ ನಗುತ್ತಿದ್ದರು. ಏಳು ವಾರ ಕಳೆದ ಮೇಲೆ ಅವನಿಗೆ ಮತ್ತೆ ಎಂಟು ಸಾಲಿನ ಪದ್ಯ ಕೊಟ್ಟೆ. ಅವತ್ತು ಮೊದಲ ಬಾರಿಗೆ ಅವನ ಬೆರಳು ಮತ್ತು ಬಾಯಿ ಒಂದೇ ಪದದ ಮೇಲಿದ್ದವು.

ನಮ್ಮ ಹುಡುಗಿಗೆ ಮುಂದಿನ ಸೋಮವಾರ ಯಾವ ಪದ್ಯ? ಅದನ್ನು ಅವಳ ತಪ್ಪಿನ ಪಟ್ಟಿಯೇ ಹೇಳುತ್ತದೆ. ಶುಕ್ರವಾರವೂ ಉಳಿದ ತಪ್ಪು 'ತೊಯ್ದಿತು'. ಅಂದರೆ 'ಯ್' ಮುಂದೆ ಬೇರೆ ಒತ್ತು. 'ಕೊಯ್ದ', 'ನೆಯ್ದ', 'ಹೊಯ್ದ' ಇರುವ ಪದ್ಯ ಬೇಕು. ಪುಸ್ತಕದಲ್ಲಿ ಹುಡುಕಿದೆ, ಸಿಗಲಿಲ್ಲ. ಕೊನೆಗೆ ಆ ಅಜ್ಜಿಯನ್ನೇ ಹೂವಿನ ತೋಟಕ್ಕೆ ಕಳಿಸಿದೆ. ಹೂ ಕೊಯ್ದಳು, ನೀರು ಹೊಯ್ದಳು. ಎರಡನೇ ಸಾಲಿನಲ್ಲಿ ಮತ್ತೆ ಮಳೆ ಬಂತು. ಈ ಸಲ ಛತ್ರಿ ತರುವುದನ್ನೇ ಮರೆತಿದ್ದಳು.